ಫೋಟೊ ಅಪ್‌ಲೋಡ್ ಎಷ್ಟನೇ ಸೆಕೆಂಡಿಗೆ ನಿಲ್ಲುತ್ತದೆ?

ನಾನು ಬರೆದ ಆ್ಯಪ್‌ನಲ್ಲಿ ಚಿಕ್ಕ ಫೋಟೊಗಳು ಸರಾಗವಾಗಿ ಹೋಗುತ್ತಿದ್ದವು. ಕ್ಯಾಮೆರಾದಿಂದ ನೇರವಾಗಿ ತೆಗೆದ ದೊಡ್ಡ ಫೋಟೊ ಮಾತ್ರ ಹೋಗುತ್ತಿರಲಿಲ್ಲ. ಲಾಗ್‌ನಲ್ಲಿ `Broken pipe` ಅಂತ ಬರುತ್ತಿತ್ತು. ನೆಟ್‌ವರ್ಕ್ ಸರಿಯಿಲ್ಲ ಅಂದುಕೊಂಡು ಟೈಮ್‌ಔಟನ್ನು 30ರಿಂದ 60 ಸೆಕೆಂಡಿಗೆ ಏರಿಸಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಗಡಿಯಾರ ನೋಡಿದೆ. ಅಪ್‌ಲೋಡ್ ಎರಡನೇ ಸೆಕೆಂಡಿಗೇ ನಿಲ್ಲುತ್ತಿತ್ತು! 60 ಸೆಕೆಂಡಿನ ಟೈಮ್‌ಔಟ್ ಎರಡೇ ಸೆಕೆಂಡಿಗೆ ಮುಗಿಯಲ್ಲ, ಅಲ್ವಾ? ಸರ್ವರ್‌ನ ಎರರ್ ಲಾಗ್ ತೆರೆದರೆ ಉತ್ತರ ಅಲ್ಲೇ ಇತ್ತು: `client intended to send too large body`. ಅಲ್ಲಿನ ವೆಬ್ ಸರ್ವರ್ Nginxಗೆ ನಾವು ಬೇರೆ ಮಿತಿ ಹೇಳದಿದ್ದರೆ ಅದು 1 ಎಂಬಿಗಿಂತ ದೊಡ್ಡದನ್ನು ಒಳಗೆ ಬಿಡುವುದಿಲ್ಲ. ಫೈಲ್ ಎಷ್ಟು ದೊಡ್ಡದು ಅಂತ ಮೊದಲೇ ತಿಳಿಯುವುದರಿಂದ 413 ಕೊಟ್ಟು ಬಾಗಿಲು ಹಾಕಿಬಿಡುತ್ತದೆ. ಆ್ಯಪ್ ಇನ್ನೂ ಕಳಿಸುತ್ತಲೇ ಇರುತ್ತದೆ. ಹಾಗಾಗಿ ಅದಕ್ಕೆ 413 ಕಾಣುವ ಮೊದಲೇ ಸಂಪರ್ಕ ಕಡಿದದ್ದು ಕಾಣುತ್ತದೆ.

ಮಿತಿ ಹೆಚ್ಚಿಸಿದೆ:

```
client_max_body_size 10m;
```

ಆದರೂ 8 ಎಂಬಿ ಫೋಟೊ ಹೋಗಲಿಲ್ಲ. ತಪ್ಪು ನನ್ನದೇ. ಫೋಟೊವನ್ನು ಬೇಸ್64 ಮಾಡಿ ಜೇಸನ್ ಒಳಗೆ ತುರುಕಿದ್ದೆ. ಅದರಿಂದ ಗಾತ್ರ ಮೂರರಲ್ಲಿ ಒಂದು ಪಾಲು ಹೆಚ್ಚಿ, 8 ಎಂಬಿ 10.7 ಎಂಬಿ ಆಗುತ್ತದೆ. ಮಲ್ಟಿಪಾರ್ಟ್‌ಗೆ ಬದಲಾಯಿಸಿದ ಮೇಲೆ ವೈಫೈನಲ್ಲಿ ಎಲ್ಲ ಸರಿಹೋಯಿತು.

ಮೊಬೈಲ್ ಡೇಟಾದಲ್ಲಿ ಈಗ ಸರಿಯಾಗಿ 60ನೇ ಸೆಕೆಂಡಿಗೆ ನಿಲ್ಲತೊಡಗಿತು. ಇದು ಮಾತ್ರ ನಿಜವಾದ ಟೈಮ್‌ಔಟ್. ಅಪ್‌ಲೋಡ್ ವೇಗ ಸೆಕೆಂಡಿಗೆ 1 ಮೆಗಾಬಿಟ್ ಇದ್ದರೆ 8 ಎಂಬಿಗೆ 64 ಸೆಕೆಂಡ್ ಬೇಕು. 120 ಮಾಡಬಹುದಿತ್ತು. ಆದರೆ ಒಂದು ಫೋಟೊಗೆ ಯಾರು ಸುಮ್ನೆ ಒಂದು ನಿಮಿಷ ಕಾಯುತ್ತಾರೆ?

ಅದಕ್ಕೇ ಫೋನಿನಲ್ಲೇ ಚಿಕ್ಕದು ಮಾಡಿದೆ. ಮೊದಲ ಪ್ರಯತ್ನದಲ್ಲಿ ಅಳತೆ ಮುಟ್ಟದೆ, ಜೆಪೆಗ್ ಗುಣಮಟ್ಟ 100 ಇಟ್ಟು ಮತ್ತೆ ಉಳಿಸಿದೆ. ಕೆಲವು ಫೈಲ್‌ಗಳು ಮೊದಲಿಗಿಂತ ದೊಡ್ಡದಾದವು. ನಗುವುದೋ ಅಳುವುದೋ! 4000×3000ರ ಫೋಟೊದ ಉದ್ದದ ಬದಿಯನ್ನು 2048ಕ್ಕೆ ಇಳಿಸಿ, ಗುಣಮಟ್ಟ 80 ಇಟ್ಟಾಗ ನನ್ನ ಹೆಚ್ಚಿನ ಫೋಟೊಗಳು 600 ಕೆಬಿ ಆಸುಪಾಸಿಗೆ ಬಂದವು. ಅದೇ ನೆಟ್‌ವರ್ಕ್‌ನಲ್ಲಿ ಈಗ ಐದು ಸೆಕೆಂಡ್ ಸಾಕು. ಚಿತ್ರದಲ್ಲಿನ ಸಣ್ಣ ಅಕ್ಷರ ಓದಬೇಕಾದ ಕಡೆ ಮಾತ್ರ ಇಷ್ಟು ಇಳಿಸಬೇಡಿ.

ಇದಾದ ಮೇಲೆ ಉದ್ದುದ್ದ ತೆಗೆದ ಫೋಟೊಗಳು ಅಡ್ಡ ಮಲಗಿದವು. ಫೋಟೊ ಯಾವ ಕಡೆ ತಿರುಗಿದೆ ಅನ್ನುವ `Orientation` ಗುರುತು ಮರು ಉಳಿಸುವಾಗ ಅಳಿಸಿಹೋಗಿತ್ತು. ಅದನ್ನು ಮೊದಲು ಓದಿ, ಚಿತ್ರ ತಿರುಗಿಸಿ, ಆಮೇಲೆ ಉಳಿಸುವಂತೆ ಮಾಡಿದೆ.