ಹೊರಟು ನಿಂತವರು ಯಾರು? ಎಯ್ಟ್ ಆಫ್ ಕಪ್ಸ್ ಜೊತೆ ತ್ರೀ ಆಫ್ ಸ್ವೋರ್ಡ್ಸ್ ಬಂದಾಗ

"ಅವರು ನನ್ನ ಬಿಟ್ಟು ಹೋಗ್ತಾರಾ?" ಟ್ಯಾರೋ ಕೇಳಲು ಬರುವವರ ಬಾಯಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದೇ. ಈ ಪ್ರಶ್ನೆಗೆ ಎಯ್ಟ್ ಆಫ್ ಕಪ್ಸ್ ಮತ್ತು ತ್ರೀ ಆಫ್ ಸ್ವೋರ್ಡ್ಸ್ ಎಂಬ ಎರಡು ಕಾರ್ಡ್ ಒಟ್ಟಿಗೆ ಬಿದ್ದರೆ ಕೇಳಿದವರ ಮುಖ ಅಲ್ಲೇ ಬಾಡುತ್ತದೆ. ಒಂದರಲ್ಲಿ ಒಬ್ಬ ಬೆನ್ನು ತಿರುಗಿಸಿ ಹೋಗುತ್ತಿದ್ದಾನೆ, ಇನ್ನೊಂದರಲ್ಲಿ ಹೃದಯಕ್ಕೆ ಮೂರು ಕತ್ತಿ ನೆಟ್ಟಿವೆ. ಇನ್ನು ಹೇಳುವುದೇನಿದೆ ಅನಿಸುತ್ತದೆ.

ಕಲಿಯುತ್ತಿದ್ದ ದಿನಗಳಲ್ಲಿ ನಾನೂ ಹಾಗೇ ಓದಿದ್ದೆ. "ಹೋಗ್ತಾರೆ, ನಿಮಗೆ ನೋವಾಗುತ್ತೆ" ಅಂತ ಒಬ್ಬರಿಗೆ ಹೇಳಿಬಿಟ್ಟೆ. ಕೊನೆಗೆ ಮನೆ ಬಿಟ್ಟು ಬಂದದ್ದು ಪ್ರಶ್ನೆ ಕೇಳಿದ ಆಕೆಯೇ. ನಡೆಯುವವನು ಯಾರು ಎಂದು ಕಾರ್ಡ್ ಹೇಳಿರಲಿಲ್ಲ, ನಾನು ಊಹಿಸಿದ್ದೆ ಅಷ್ಟೆ.

ಅಂದಿನಿಂದ ಕಾರ್ಡ್ ಕಲೆಸುವ ಮೊದಲೇ ಒಂದು ಚೀಟಿಯಲ್ಲಿ ಮೂರು ಜಾಗ ಬರೆದಿಡುತ್ತೇನೆ: ಎಡಕ್ಕೆ ಕೇಳುವವರು, ನಡುವೆ ಇಬ್ಬರ ಮಧ್ಯೆ ಇರುವುದು, ಬಲಕ್ಕೆ ಸಂಗಾತಿ, ಅದೂ ಕೇಳುವವರ ಕಣ್ಣಿಗೆ ಕಂಡಂತೆ. ಕಾರ್ಡ್ ಬಿದ್ದ ಮೇಲೆ ಜಾಗ ಬದಲಿಸುವಂತಿಲ್ಲ. ಬದಲಿಸಿದರೆ ಎದುರು ಕೂತವರ ಭಯವೇ ಅರ್ಥವಾಗಿ ಕೂರುತ್ತದೆ.

ಒಬ್ಬರ ವಿಷಯ ಹೇಳುತ್ತೇನೆ, ಗುರುತಿನ ವಿವರ ಬದಲಿಸಿದ್ದೇನೆ. ಬೆಂಗಳೂರಿನವರು, ಮದುವೆಯಾಗಿ ಒಂಬತ್ತು ವರ್ಷ. ಗಂಡ ತಡವಾಗಿ ಮನೆಗೆ ಬರುತ್ತಾರೆ, ಹಾಲ್‌ನಲ್ಲೇ ಮಲಗುತ್ತಾರೆ, ಮಾತಿಲ್ಲ. ಎಡಕ್ಕೆ ಎಯ್ಟ್ ಆಫ್ ಕಪ್ಸ್, ನಡುವೆ ತ್ರೀ ಆಫ್ ಸ್ವೋರ್ಡ್ಸ್, ಬಲಕ್ಕೆ ಟೂ ಆಫ್ ಪೆಂಟಕಲ್ಸ್ ಬಂತು.

"ನೋಡಿ ಮೇಡಂ, ಹೊರಟೇಬಿಟ್ರು!" ಎಂದು ಎಡಗಡೆಯ ಕಾರ್ಡ್ ತೋರಿಸಿದರು. ನಾನು ಚೀಟಿ ಮುಂದೆ ಸರಿಸಿದೆ. ಆ ಜಾಗ ಅವರದ್ದು. ಸ್ವಲ್ಪ ಹೊತ್ತು ಸುಮ್ಮನಾದರು.

1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಎಯ್ಟ್ ಆಫ್ ಕಪ್ಸ್ ಚಿತ್ರದಲ್ಲಿ ಬಟ್ಟಲುಗಳು ಉರುಳಿಲ್ಲ, ಒಡೆದಿಲ್ಲ. ಕೆಳಗೆ ಐದು, ಮೇಲೆ ಮೂರು, ಮೇಲಿನ ಸಾಲಿನಲ್ಲಿ ಒಂದು ಖಾಲಿ ಜಾಗ. ನಾನು ಅರ್ಥ ಹೇಳುವ ಮೊದಲು ಆ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೇಳುತ್ತೇನೆ: "ಇಲ್ಲಿ ಏನಿರಬೇಕಿತ್ತು?" ಆಕೆ ಹೇಳಿದ್ದು ಗಂಡನ ಬಗ್ಗೆ ಅಲ್ಲ. ಎರಡು ವರ್ಷದ ಹಿಂದೆ ತನ್ನ ಅಪ್ಪ ಆಸ್ಪತ್ರೆಯಲ್ಲಿದ್ದಾಗ ರಾತ್ರಿಗಳನ್ನು ಒಬ್ಬಳೇ ಕಳೆದದ್ದನ್ನು ಹೇಳಿದರು. "ಅವತ್ತೇ ಮನಸ್ಸು ಕಿತ್ತೋಯ್ತು."

ನಡುವಿನ ತ್ರೀ ಆಫ್ ಸ್ವೋರ್ಡ್ಸ್ ಆಗ ತಾನಾಗಿ ಬಿಚ್ಚಿಕೊಂಡಿತು. ಆ ಚಿತ್ರದಲ್ಲಿ ಮನುಷ್ಯರೇ ಇಲ್ಲ. ಕತ್ತಿ ಹಿಡಿದ ಕೈಯಿಲ್ಲ, ರಕ್ತವಿಲ್ಲ, ಹಿಂದೆ ಮೋಡ ಮತ್ತು ಮಳೆ ಮಾತ್ರ. ನಾನು ಅದನ್ನು ಆಗಿಹೋದ ಗಾಯ ಎಂದು ಓದುತ್ತೇನೆ, ಬರಲಿರುವ ಏಟು ಎಂದಲ್ಲ. ಕತ್ತಿ ಮೂರಿವೆ, ಆದ್ದರಿಂದ ಮೂರನೆಯ ವ್ಯಕ್ತಿ ಇದ್ದಾರೆ ಎಂದು ಹೇಳುವವರೂ ಇದ್ದಾರೆ. ಆ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಬರೀ ಎಣಿಕೆಯ ಮೇಲೆ ಒಂದು ಮನೆಯಲ್ಲಿ ಅನುಮಾನ ಬಿತ್ತಬಾರದು.

ಕಾರ್ಡ್‌ಗಳಿಗೆ ಗ್ರಹ, ರಾಶಿ ಜೋಡಿಸಿದ ಗೋಲ್ಡನ್ ಡಾನ್ ಎಂಬ ಹಳೆಯ ಇಂಗ್ಲಿಷ್ ಗುಪ್ತವಿದ್ಯಾ ಸಂಘದ ಪದ್ಧತಿಯಲ್ಲಿ ಈ ಎರಡೂ ಕಾರ್ಡ್ ಶನಿಯವು: ಕಪ್ಸ್ ಎಂಟು ಮೀನದ ಶನಿ, ಸ್ವೋರ್ಡ್ಸ್ ಮೂರು ತುಲೆಯ ಶನಿ. ನಮ್ಮಲ್ಲಿ ಈ ಹೆಸರು ಎತ್ತಿದರೆ ಎಳ್ಳೆಣ್ಣೆ ದೀಪ ಹಚ್ಚಬೇಕಾ ಎಂದು ಕೇಳುತ್ತಾರೆ, ಹಾಗಾಗಿ ಜೋರಾಗಿ ಹೇಳುವುದಿಲ್ಲ. ಅದು ಅವರ ಜಾತಕದ ಶನಿಯೂ ಅಲ್ಲ. ಆದರೆ ಶನೈಶ್ಚರ ಎಂದರೆ ಮೆಲ್ಲಗೆ ನಡೆಯುವವನು. ಈ ಜೋಡಿ ಬಂದಾಗ ನಾನು ಹುಡುಕುವುದು ನಾಳೆಯ ಸುದ್ದಿಯನ್ನಲ್ಲ, ತಿಂಗಳುಗಟ್ಟಲೆ ಸದ್ದಿಲ್ಲದೆ ಹಿಂದೆ ಸರಿದ ಹೆಜ್ಜೆಗಳನ್ನು.

ಬಲಗಡೆಯ ಟೂ ಆಫ್ ಪೆಂಟಕಲ್ಸ್‌ನಲ್ಲಿ ಒಬ್ಬ ಎರಡು ನಾಣ್ಯ ಆಡಿಸುತ್ತಿದ್ದಾನೆ, ಹಿಂದೆ ಅಲೆಯಲ್ಲಿ ಹಡಗುಗಳು ತೂಗಾಡುತ್ತಿವೆ. ಸಾಲ, ಕೆಲಸದ ಒತ್ತಡ ಏನಾದರೂ ಇದೆಯಾ ಎಂದೆ. ಮನೆ ಸಾಲದ ಕಂತು ಎರಡು ಸಲ ತಪ್ಪಿತ್ತಂತೆ. ಆದರೂ ಗಂಡ ಹೋಗುವುದಿಲ್ಲ ಎಂದು ಭರವಸೆ ಕೊಡಲಿಲ್ಲ. ಅವರ ಮನಸ್ಸು ಮೇಜಿನ ಮೇಲಿರಲಿಲ್ಲ, ಇದ್ದದ್ದು ಆಕೆಯ ಕಣ್ಣಿಗೆ ಕಂಡ ಗಂಡ ಮಾತ್ರ. ಎಡಬಲದ ಕಾರ್ಡ್ ಅದಲುಬದಲಾಗಿ, ಎಯ್ಟ್ ಆಫ್ ಕಪ್ಸ್ ಬಲಕ್ಕೆ ಬಿದ್ದಿದ್ದರೂ ಇದೇ ಮಿತಿ. ಆಗ ನಾನು ಹೇಳಬಹುದಾದದ್ದು "ಅವರು ದೂರವಾಗ್ತಿದ್ದಾರೆ ಅಂತ ನಿಮಗೆ ಅನಿಸ್ತಿದೆ" ಎಂದಷ್ಟೆ.

ಆಕೆ ಎಯ್ಟ್ ಆಫ್ ಕಪ್ಸ್‌ನ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಂಡರು. ಗಂಡನ ಮಾತು ಮತ್ತೆ ಬರಲಿಲ್ಲ. ಬಾಗಿಲ ಹತ್ತಿರ ಚಪ್ಪಲಿ ಹಾಕಿಕೊಳ್ಳುತ್ತಾ, "ನಾನೇ ಹೊರಟರೆ, ಮಗಳು ಯಾರ ಜೊತೆ ಇರಬೇಕಾಗುತ್ತೆ?" ಎಂದರು. ಅದು ವಕೀಲರನ್ನು ಕೇಳುವ ಪ್ರಶ್ನೆ. ಕಾರ್ಡ್‌ಗಳನ್ನು ಆಗಲೇ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ, ಮತ್ತೆ ಬಿಚ್ಚಲಿಲ್ಲ.