ಕೋಲಾರದ ಗಾಳಿಯ ವಕ್ರೀಭವನ ಸೂಚ್ಯಂಕ: ಫ್ರಿಂಜ್ ಎಣಿಸಿ ಅಳೆದ ನನ್ನ ಅನುಭವ

ಕೋಲಾರದ ಪದವಿ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು, ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ಮೈಕೆಲ್ಸನ್ ಇಂಟರ್‌ಫೆರೋಮೀಟರ್‌ನ ಒಂದು ಭುಜದಲ್ಲಿ ಗಾಳಿಯ ಕೋಶವನ್ನಿಟ್ಟು ಗಾಳಿಯ ವಕ್ರೀಭವನ ಸೂಚ್ಯಂಕವನ್ನು ಅಳೆದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಪ್ರಯೋಗದ ತತ್ತ್ವ ಎಲ್ಲ ಪಠ್ಯಗಳಲ್ಲೂ ಇದೆ. ಆದರೆ ಸಮುದ್ರ ಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿರುವ ನಮ್ಮ ಊರಿನಲ್ಲಿ ಒತ್ತಡದ ಲೆಕ್ಕವನ್ನು ಹೇಗೆ ಇಡಬೇಕು ಎಂಬುದು ಅವುಗಳಲ್ಲಿ ಸಿಗುವುದಿಲ್ಲ, ಉತ್ತರ ಸರಿಬರುವುದೋ ಇಲ್ಲವೋ ಎಂಬುದು ನಿಂತಿರುವುದು ಬಹುಪಾಲು ಅದರ ಮೇಲೆಯೇ.

ಲೇಸರ್ ಕಿರಣವು ಬೀಮ್ ಸ್ಪ್ಲಿಟರ್‌ನಲ್ಲಿ ಎರಡಾಗಿ ಒಡೆದು, ಎರಡು ಕನ್ನಡಿಗಳಿಂದ ಹಿಂದಿರುಗಿ, ಪರದೆಯ ಮೇಲೆ ಉಂಗುರಾಕಾರದ ಫ್ರಿಂಜ್‌ಗಳನ್ನು ಮೂಡಿಸುತ್ತದೆ. ಒಂದು ಭುಜದಲ್ಲಿರುವ ಕೋಶದ ಒಳ ಉದ್ದ L ಆದರೆ, ಬೆಳಕು ಅದನ್ನು ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಹಾಯುವುದರಿಂದ, ಒಳಗಿನ ಗಾಳಿಯ ಸೂಚ್ಯಂಕ Δn ನಷ್ಟು ಬದಲಾದಾಗ ಸರಿಯುವ ಫ್ರಿಂಜ್‌ಗಳ ಸಂಖ್ಯೆ N ಹೀಗೆ ಸಿಗುತ್ತದೆ:

2L Δn = N λ

ನಾವು ಬಳಸಿದ್ದು 632.8 ನ್ಯಾನೋಮೀಟರ್ ತರಂಗಾಂತರದ ಹೀಲಿಯಂ-ನಿಯಾನ್ ಲೇಸರ್. ಅಗ್ಗದ ಲೇಸರ್ ಪಾಯಿಂಟರ್‌ನಿಂದಲೂ ಫ್ರಿಂಜ್ ಕಾಣುತ್ತದೆ. ಆದರೆ ಅದರ ತರಂಗಾಂತರ ಚೀಟಿಯಲ್ಲಿ ಬರೆದಷ್ಟೇ ಇರುತ್ತದೆಂದು ನಂಬುವಂತಿಲ್ಲ, ತರಂಗಾಂತರದಲ್ಲಿನ ದೋಷ ನೇರವಾಗಿ ಉತ್ತರಕ್ಕೆ ಇಳಿಯುತ್ತದೆ. ಇಡೀ ಉಪಕರಣವನ್ನು ದಪ್ಪ ಗ್ರಾನೈಟ್ ಚಪ್ಪಡಿಯೊಂದರ ಮೇಲೆ ಜೋಡಿಸಿ, ಚಪ್ಪಡಿಯ ಕೆಳಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಇಟ್ಟೆವು. ನಮ್ಮ ಜಿಲ್ಲೆಯಲ್ಲಿ ಕಲ್ಲಿನ ಚಪ್ಪಡಿಗೆ ಕೊರತೆಯಿಲ್ಲ, ರಸ್ತೆಯಲ್ಲಿ ಬಸ್ಸು ಹೋದರೂ ಉಂಗುರಗಳು ಕದಡದಂತೆ ನಿಲ್ಲಲು ಇಷ್ಟೇ ಸಾಕಾಯಿತು.

ಕೋಶವೆಂದರೆ ಎರಡೂ ತುದಿಗೆ ಚಪ್ಪಟೆ ಗಾಜನ್ನು ಅರಾಲ್ಡೈಟ್‌ನಿಂದ ಅಂಟಿಸಿದ ಹಿತ್ತಾಳೆಯ ಕೊಳವೆ. ಲೆಕ್ಕಕ್ಕೆ ಬೇಕಾದದ್ದು ಗಾಜುಗಳ ಒಳಮುಖಗಳ ನಡುವಿನ ಅಂತರ ಮಾತ್ರ. ಆದ್ದರಿಂದ ಅಂಟಿಸುವ ಮೊದಲೇ ಗಾಜುಗಳ ದಪ್ಪವನ್ನು ಅಳೆದಿಟ್ಟುಕೊಂಡು, ಅಂಟು ಒಣಗಿದ ಮೇಲೆ ಒಟ್ಟು ಉದ್ದದಿಂದ ಅದನ್ನು ಕಳೆದೆವು. ನಮ್ಮ ಕೋಶದಲ್ಲಿ ಅದು 100 ಮಿಲಿಮೀಟರ್ ಬಂತು. ಕೋಶದ ಪಕ್ಕದ ನಳಿಕೆಗೆ ಟಿ-ಜೋಡಣೆ ಹಾಕಿ, ಒಂದು ಕವಲಿಗೆ ಕೈಪಂಪು ಮತ್ತು ಗೇಜನ್ನೂ, ಇನ್ನೊಂದು ಕವಲಿಗೆ ಆಸ್ಪತ್ರೆಯ ಡ್ರಿಪ್ ಸೆಟ್‌ನ ರೋಲರ್ ಇರುವ ನಳಿಕೆಯನ್ನೂ ಸೇರಿಸಿದೆವು. ಗಾಳಿಯನ್ನು ನಿಧಾನವಾಗಿ ಒಳಬಿಡಲು ಆ ರೋಲರ್‌ನಷ್ಟು ಅನುಕೂಲವಾದದ್ದು ಬೇರೊಂದು ನನಗೆ ಸಿಕ್ಕಿಲ್ಲ.

ಎಣಿಕೆಗೆ ಮೊದಲು ಒಂದು ಪರೀಕ್ಷೆಯನ್ನು ನಾನು ತಪ್ಪದೆ ಮಾಡಿಸುತ್ತೇನೆ. ಕೋಶವನ್ನು ಕಿರಣದ ದಾರಿಯಿಂದ ಪಕ್ಕಕ್ಕೆ ಸರಿಸಿ, ಚಪ್ಪಡಿಯ ಮೇಲೆಯೇ ಬಿಗಿದು, ಪಂಪು ಮಾಡಬೇಕು. ಆಗ ಫ್ರಿಂಜ್ ಅಲುಗಬಾರದು. ಅಲುಗಿದರೆ, ನಿರ್ವಾತಕ್ಕೆ ಸೆಟೆದುಕೊಂಡ ನಳಿಕೆಯು ಉಪಕರಣವನ್ನು ಎಳೆಯುತ್ತಿದೆ ಎಂದರ್ಥ, ನಳಿಕೆಯನ್ನು ಚಪ್ಪಡಿಗೇ ಕ್ಲಾಂಪ್ ಮಾಡಿದರೆ ಅದು ನಿಲ್ಲುತ್ತದೆ.

ಪಂಪು ಮಾಡುತ್ತಾ ಎಣಿಸುವುದು ಕಷ್ಟ, ಏಕೆಂದರೆ ಪ್ರತಿ ಒತ್ತಿಗೂ ಹಲವು ಉಂಗುರಗಳು ಒಟ್ಟಿಗೆ ಓಡುತ್ತವೆ. ಹಾಗಾಗಿ ಮೊದಲು ಗೇಜ್ −600 ಮಿಲಿಮೀಟರ್ ಪಾದರಸ ತೋರಿಸುವವರೆಗೆ ಗಾಳಿ ತೆಗೆದು, ಒಂದೆರಡು ನಿಮಿಷ ಕಾದು, ಬಳಿಕ ರೋಲರನ್ನು ಸಡಿಲಿಸಿ, ನಾಲ್ಕೈದು ಸೆಕೆಂಡಿಗೆ ಒಂದು ಫ್ರಿಂಜ್ ಸರಿಯುವ ವೇಗದಲ್ಲಿ ಗಾಳಿ ಬಿಡುತ್ತೇವೆ. ಪರದೆ ಮತ್ತು ಗೇಜ್ ಎರಡೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡರೆ ಎಣಿಕೆಯನ್ನು ಮತ್ತೆ ನೋಡಿ ಖಚಿತಪಡಿಸಿಕೊಳ್ಳಬಹುದು.

ಕಾಯುವುದಕ್ಕೂ ನಿಧಾನಕ್ಕೂ ಕಾರಣವಿದೆ. ಖಾಲಿ ಕೋಶಕ್ಕೆ ಗಾಳಿ ರಭಸದಿಂದ ನುಗ್ಗಿದರೆ ಅದು ಬಿಸಿಯಾಗುತ್ತದೆ, ಗೇಜ್ ತೋರುವ ಒತ್ತಡಕ್ಕೆ ಇರಬೇಕಾದಷ್ಟು ಸಾಂದ್ರತೆ ಆಗ ಇರುವುದಿಲ್ಲ. ರೋಲರ್ ಮುಚ್ಚಿ ನೋಡಿದರೆ ಇದು ಗೊತ್ತಾಗುತ್ತದೆ: ಗಾಳಿ ತಣಿಯುತ್ತಿದ್ದಂತೆ ಮುಳ್ಳು ನಿರ್ವಾತದ ಕಡೆಗೆ ಸ್ವಲ್ಪ ಹಿಂದೆ ಸರಿಯುತ್ತದೆ, ಆದರೆ ಮುಚ್ಚಿದ ಕೋಶದಲ್ಲಿ ಸಾಂದ್ರತೆ ಬದಲಾಗದ ಕಾರಣ ಫ್ರಿಂಜ್ ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲುತ್ತದೆ. ಸೋರಿಕೆಯಿದ್ದರೆ ಲಕ್ಷಣವೇ ಬೇರೆ. ಮುಳ್ಳು ವಾತಾವರಣದ ಕಡೆಗೆ ತೆವಳುತ್ತದೆ, ಫ್ರಿಂಜ್‌ಗಳೂ ಅದರ ಜೊತೆಗೇ ಸರಿಯುತ್ತವೆ.

ಒಂದು ಸರಣಿಯ ಅಳತೆಯನ್ನು ಇಲ್ಲಿ ಕೊಡುತ್ತೇನೆ. −600ರಿಂದ ಆರಂಭಿಸಿ ಪ್ರತಿ 10 ಫ್ರಿಂಜ್‌ಗೊಮ್ಮೆ ಗೇಜ್ ಓದಿದಾಗ −509, −417, −327, −236, −144, −53 ಎಂದು ಬಂತು. ಹತ್ತು ಫ್ರಿಂಜ್‌ಗಳ ನಡುವಣ ಅಂತರ 90ರಿಂದ 92ರೊಳಗೇ ಇರುವುದನ್ನು ಗಮನಿಸಬೇಕು. ಒಂದು ಫ್ರಿಂಜ್ ಎಂದರೆ ಸುಮಾರು 9 ಮಿಲಿಮೀಟರ್ ಆದ್ದರಿಂದ, ಎಣಿಕೆಯಲ್ಲಿ ಒಂದು ಬಿಟ್ಟುಹೋಗಿದ್ದರೆ ಆ ಅಂತರ ಥಟ್ಟನೆ 100ಕ್ಕೆ ಏರುತ್ತದೆ, ಎಲ್ಲಿ ಬಿಟ್ಟಿತು ಎಂಬುದೂ ತಿಳಿಯುತ್ತದೆ. ಆರಂಭ ಮತ್ತು ಅಂತ್ಯವನ್ನು ಮಾತ್ರ ಬರೆದುಕೊಳ್ಳುವವರಿಗೆ ಈ ಸುಳಿವು ಸಿಗುವುದೇ ಇಲ್ಲ.

60 ಫ್ರಿಂಜ್‌ಗಳಿಗೆ ಒತ್ತಡದ ಬದಲಾವಣೆ 547 ಮಿಲಿಮೀಟರ್. ಸಮೀಕರಣಕ್ಕೆ ಹಾಕಿದರೆ ಪ್ರತಿ ಮಿಲಿಮೀಟರ್ ಪಾದರಸಕ್ಕೆ ಸೂಚ್ಯಂಕ 3.47 × 10⁻⁷ ರಷ್ಟು ಹೆಚ್ಚುತ್ತದೆ. ಇಲ್ಲಿಯವರೆಗೆ ಒತ್ತಡದ ವ್ಯತ್ಯಾಸವಷ್ಟೇ ಬೇಕಾಗಿತ್ತು, ಗೇಜ್ ಕೊಡುವುದೂ ಅದನ್ನೇ. ಆದರೆ ಕೋಣೆಯ ಗಾಳಿಯ ಸೂಚ್ಯಂಕ ಬೇಕೆಂದರೆ ಶೂನ್ಯ ಒತ್ತಡದಿಂದ ಕೋಣೆಯ ಒತ್ತಡದವರೆಗಿನ ಪೂರ್ತಿ ಏರಿಕೆಯನ್ನು ತೆಗೆದುಕೊಳ್ಳಬೇಕು, ಗೇಜಿನ ಸೊನ್ನೆಯು ಆ ಒತ್ತಡ ಎಷ್ಟೆಂದು ಹೇಳುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಪಠ್ಯದ 760 ಮಿಲಿಮೀಟರನ್ನು ಹಾಕಿಬಿಡುತ್ತಾರೆ, ಇಲ್ಲವೇ ಮೊಬೈಲಿನ ಹವಾಮಾನ ಆ್ಯಪ್ ತೋರಿಸುವ 1012 ಹೆಕ್ಟೊಪ್ಯಾಸ್ಕಲನ್ನು ಬರೆಯುತ್ತಾರೆ. ಆ್ಯಪ್‌ನ ಅಂಕಿ ಸಾಮಾನ್ಯವಾಗಿ ಸಮುದ್ರ ಮಟ್ಟಕ್ಕೆ ಇಳಿಸಿ ಲೆಕ್ಕ ಹಾಕಿದ ಒತ್ತಡ, ನಮ್ಮ ಮೇಜಿನ ಮೇಲಿನ ಒತ್ತಡವಲ್ಲ. ಕೋಲಾರದ ನಿಜವಾದ ಒತ್ತಡ ಸುಮಾರು 920 ಹೆಕ್ಟೊಪ್ಯಾಸ್ಕಲ್, ಅಂದರೆ 690 ಮಿಲಿಮೀಟರ್ ಪಾದರಸ. ಪ್ರಯೋಗಾಲಯದ ಫಾರ್ಟಿನ್ ವಾಯುಭಾರಮಾಪಕವಾಗಲಿ, ಮೊಬೈಲಿನೊಳಗಿನ ಬ್ಯಾರೋಮೀಟರ್ ಸಂವೇದಕದ ನೇರ ಓದಾಗಲಿ ಇದನ್ನೇ ತೋರಿಸುತ್ತದೆ. ಪಂಪು ಎಷ್ಟೇ ಒಳ್ಳೆಯದಿದ್ದರೂ ಇಲ್ಲಿ ಗೇಜ್ −690ರ ಆಚೆಗೆ ಹೋಗಲಾರದು. ಅದನ್ನು ಕಂಡು ಪಂಪು ಕೆಟ್ಟಿದೆಯೆಂದು ಭಾವಿಸಬಾರದು.

690ನ್ನು ಬಳಸಿದಾಗ 27 ಡಿಗ್ರಿ ಉಷ್ಣತೆಯ ನಮ್ಮ ಕೋಣೆಯ ಗಾಳಿಗೆ n = 1.000239 ಬಂತು. 760ನ್ನು ಹಾಕಿದ್ದರೆ n−1ರಲ್ಲಿ ಶೇಕಡ 10ರಷ್ಟು ತಪ್ಪಾಗುತ್ತಿತ್ತು. ಕೈಪಿಡಿಯ ಬೆಲೆ 15 ಡಿಗ್ರಿ ಮತ್ತು 760 ಮಿಲಿಮೀಟರ್‌ಗೆ ಇರುವುದರಿಂದ, ಹೋಲಿಸಲು ನಮ್ಮ n−1ನ್ನು ಒತ್ತಡಕ್ಕಾಗಿ 760/690ರಿಂದಲೂ, ಉಷ್ಣತೆಗಾಗಿ 300/288ರಿಂದಲೂ ಗುಣಿಸಿದೆವು. ಸಿಕ್ಕಿದ್ದು 2.75 × 10⁻⁴. ಕೈಪಿಡಿಯಲ್ಲಿ ಒಣಗಾಳಿಗೆ 2.77 × 10⁻⁴ ಇದೆ. ಉಳಿದ ವ್ಯತ್ಯಾಸ ಶೇಕಡ 1ಕ್ಕಿಂತ ಕಡಿಮೆ, ಮುಳ್ಳಿನ ಗೇಜಿನಿಂದ ಅದಕ್ಕಿಂತ ಹೆಚ್ಚಿನ ನಿಖರತೆಯನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇದನ್ನು ಸುಧಾರಿಸಬೇಕೆಂದಿದ್ದರೆ ಫ್ರಿಂಜನ್ನು ಇನ್ನೂ ಸೂಕ್ಷ್ಮವಾಗಿ ಎಣಿಸುವುದರಿಂದ ಪ್ರಯೋಜನವಿಲ್ಲ, ಗೇಜನ್ನು ಪಾದರಸದ ಯು-ನಳಿಕೆಯೊಂದಿಗೆ ಹೋಲಿಸಿ ತಿದ್ದಬೇಕು.

ಇದೇ ಜೋಡಣೆಯಲ್ಲಿ ಡ್ರಿಪ್ ನಳಿಕೆಯ ತುದಿಗೆ ಇಂಗಾಲದ ಡೈಆಕ್ಸೈಡ್ ತುಂಬಿದ ಬಲೂನನ್ನು ಕಟ್ಟಿದರೆ ಆ ಅನಿಲದ ಸೂಚ್ಯಂಕವನ್ನೂ ಅಳೆಯಬಹುದು. ಕೋಶದಲ್ಲಿ ಉಳಿದ ಗಾಳಿ ಹೊರಹೋಗಲು ಖಾಲಿ ಮಾಡಿ ತುಂಬುವುದನ್ನು ಹಲವು ಬಾರಿ ಮಾಡಬೇಕು. ಹತ್ತು ಫ್ರಿಂಜ್‌ಗಳ ಅಂತರವು 91ರಿಂದ ಇಳಿಯುತ್ತಾ ಬಂದು ಸುಮಾರು 59 ಮಿಲಿಮೀಟರಿನಲ್ಲಿ ನಿಂತು, ಮತ್ತೊಮ್ಮೆ ತುಂಬಿದರೂ ಬದಲಾಗದಿದ್ದರೆ ಕೋಶದಲ್ಲಿ ಗಾಳಿ ಉಳಿದಿಲ್ಲವೆಂದು ತಿಳಿಯಬಹುದು.