ಸೂರು ತೆರೆದ ಮೇಲೆ ನಿಂತ ಹನಿ

ಕಡಲತೀರದ ಮನೆಗೆ ಮಾಡಿನೊಳಗೆ ಗಾಳಿ ಬಿಟ್ಟರೆ ತೇವವನ್ನೇ ಕರೆದಂತಾಗುತ್ತದೆ ಎಂದು ನನ್ನ ಜೊತೆಗಾರರೆಲ್ಲ ವಾದಿಸಿದ್ದರು. ಹಾಗೆ ಗಾಳಿ ಬಿಟ್ಟು ಎರಡು ಮಳೆಗಾಲ ಕಳೆದರೂ, ಶಾಖ ತಡೆಯಲು ನಾನು ಹಾಸಿದ ಗ್ಲಾಸ್‌ವುಲ್ ಒಣಗಿಯೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ತಗಡಿನ ಇಳಿಜಾರು ಮಾಡು, ಕೆಳಗೆ ಸಮತಟ್ಟಾದ ಸೀಲಿಂಗ್. ಮೊದಲ ಸಲ ಗ್ಲಾಸ್‌ವುಲ್ ಅನ್ನು ಸೂರಿನ ತುದಿಯವರೆಗೂ ಒತ್ತಿ ತುಂಬಿದ್ದೆ. ಕೋಣೆಗಳು ತಂಪಾದವು. ಕೆಲವೇ ತಿಂಗಳಲ್ಲಿ ಸೀಲಿಂಗ್ ಮೇಲೆ ಕಂದು ಕಲೆಗಳು ಮೂಡಿದವು. ಮಾಡು ಸೋರುತ್ತಿದೆ ಎಂದು ತಿಳಿದು ಸ್ಕ್ರೂಗಳ ವಾಷರ್ ಬದಲಿಸಲು ಒಂದಷ್ಟು ಹಣ ಸುರಿದೆ, ವ್ಯರ್ಥವಾಯಿತು. ಕಲೆ ಹೆಚ್ಚುತ್ತಿದ್ದದ್ದು ಮಳೆಯ ದಿನ ಅಲ್ಲ, ಆಕಾಶ ತಿಳಿಯಾಗಿದ್ದ ರಾತ್ರಿಗಳ ಮರುದಿನ. ನಸುಕಿನಲ್ಲಿ ಟಾರ್ಚ್ ಹಿಡಿದು ಮೇಲೆ ಹತ್ತಿದಾಗ ತಗಡಿನ ಒಳಮೈ ತುಂಬ ಹನಿಗಳಿದ್ದವು. ರಾತ್ರಿ ತಗಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಒಳಗಿನ ತೇವ ಅದರ ಮೇಲೆ ನೀರಾಗಿ ಇಳಿಯುತ್ತದೆ. ಹಗಲಿನಲ್ಲಿ ಆ ನೀರು ಆವಿಯಾದರೂ ಹೊರಹೋಗಲು ನಾನು ದಾರಿ ಬಿಟ್ಟಿರಲಿಲ್ಲ. ಸೂರಿನ ಬದಿಯ ಗ್ಲಾಸ್‌ವುಲ್ ಪೂರ್ತಿ ಎಸೆಯಬೇಕಾಯಿತು.

ಹಾಗಾಗಿ ಸೂರಿನಲ್ಲೂ ಮಾಡಿನ ನೆತ್ತಿಯಲ್ಲೂ ಗಾಳಿಗೆ ದಾರಿ ತೆರೆದೆ. ಹೊರಗಿನ ಗಾಳಿಯೂ ತೇವವೇ, ಒಪ್ಪುತ್ತೇನೆ. ಆದರೆ ಹಗಲು ಮಾಡಿನೊಳಗೆ ಕಾದಾಗ ಅದೇ ಗಾಳಿ ಇನ್ನಷ್ಟು ನೀರನ್ನು ಹೊರಬಲ್ಲದು. ಅದು ನೆತ್ತಿಯಿಂದ ಹೊರಬೀಳುವಾಗ ರಾತ್ರಿಯ ಹನಿಯನ್ನೂ ಒಯ್ಯುತ್ತದೆ.

ಸೀಲಿಂಗ್ ಸುಮಾರು 90 ಚದರ ಮೀಟರ್. ಅದರ ಮುನ್ನೂರರಲ್ಲಿ ಒಂದು ಭಾಗದಷ್ಟು ತೆರಪು ಬಿಡುವ ಲೆಕ್ಕ ಹಾಕಿದೆ, ಎಂದರೆ 3,000 ಚದರ ಸೆಂಟಿಮೀಟರ್. ಅರ್ಧ ಸೂರಿನಲ್ಲಿ, ಅರ್ಧ ನೆತ್ತಿಯಲ್ಲಿ. ಕೀಟದ ಜಾಲರಿ ಅರ್ಧದಷ್ಟು ದಾರಿ ತಿನ್ನುತ್ತದೆಂದು ಲೆಕ್ಕ ಹಿಡಿದು ಎರಡೂ ಕಡೆ ದುಪ್ಪಟ್ಟು ಮಾಡಿದೆ. ಎರಡೂ ಬದಿ ಸೇರಿ 20 ಮೀಟರ್ ಸೂರಿಗೆ ಒಂದೂವರೆ ಸೆಂಟಿಮೀಟರ್ ಅಗಲದ ಸೀಳು ಸಾಕಿತ್ತು, ನಾನು ಎರಡೂವರೆ ಬಿಟ್ಟೆ. ಗ್ಲಾಸ್‌ವುಲ್ ಮತ್ತೆ ಜಾರಿ ಮುಚ್ಚದಂತೆ ಪ್ರತಿ ಪಕ್ಕಾಸಿನ ನಡುವೆ ಗಟ್ಟಿ ಹಾಳೆ ನಿಲ್ಲಿಸಿ, ತಗಡಿನಡಿ ಐದು ಸೆಂಟಿಮೀಟರ್ ದಾರಿ ಉಳಿಸಿದೆ. ಜಾಲರಿ ಸ್ಟೇನ್‌ಲೆಸ್ ಉಕ್ಕಿನದೇ ಆಗಬೇಕು. ಉಪ್ಪುಗಾಳಿಗೆ ಸತುವಿನ ಲೇಪದ ಜಾಲರಿ ಬೇಗ ತುಕ್ಕು ಹಿಡಿದು ಕಿಂಡಿ ಮುಚ್ಚಿತು. ನೆತ್ತಿಯಲ್ಲಿ ಗಾಳಿಮಳೆ ನುಗ್ಗದಂತೆ ತಗಡನ್ನು ಮಡಚಿದ ಬಗೆ ನನ್ನದೇ, ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಒಟ್ಟು ಖರ್ಚು ಎಸೆದ ಗ್ಲಾಸ್‌ವುಲ್‌ನ ಬೆಲೆಯ ಅರ್ಧವೂ ಆಗಲಿಲ್ಲ.

ನಡುವೆ ಮಾಡಿನೊಳಗೆ ಎಕ್ಸಾಸ್ಟ್ ಫ್ಯಾನ್ ಕೂಡ ಹಾಕಿ ನೋಡಿದೆ. ಅದು ಸೀಲಿಂಗ್ ಬಿರುಕುಗಳಿಂದ ಕೋಣೆಯ ತಂಪು ಗಾಳಿಯನ್ನೇ ಎಳೆಯತೊಡಗಿತು, ತೆಗೆದುಹಾಕಿದೆ. ದೀಪದ ರಂಧ್ರಗಳನ್ನೂ ಬಿರುಕುಗಳನ್ನೂ ಮುಚ್ಚಿ, ಬಚ್ಚಲಿನ ಫ್ಯಾನಿನ ಕೊಳವೆಯನ್ನು ಮನೆಯ ಹೊರಗೇ ಒಯ್ದದ್ದರಿಂದ ಹೆಚ್ಚು ಲಾಭವಾಯಿತು. ಎಸಿಯ ತಣ್ಣನೆಯ ಕೊಳವೆ ಮಾಡಿನೊಳಗೆ ಹಾಯ್ದಿರುವ ಮನೆಗೆ ಈ ಕ್ರಮ ಹಾಗೆಯೇ ಹೊಂದುವುದಿಲ್ಲ. ಹೊರಗಿನ ತೇವ ಆ ಕೊಳವೆಯ ಮೇಲೆಯೇ ನೀರಾಗುತ್ತದೆ.

ಮೊದಲೇ ಚೆನ್ನಾಗಿ ಒಣಗಿಸಿ ತೂಗಿದ್ದ 200 ಗ್ರಾಂನ ಮರದ ತುಂಡೊಂದನ್ನು ಪಕ್ಕಾಸಿಗೆ ಕಟ್ಟಿದ್ದೆ. ಸೂರು ಮುಚ್ಚಿದ್ದಾಗ ಅದು ಹೆಚ್ಚುಕಡಿಮೆ 246 ಗ್ರಾಂ ತೂಗಿತ್ತು, ಅಂದರೆ ಶೇಕಡಾ 23 ತೇವ. ತೆರೆದ ಮೂರು ತಿಂಗಳಿಗೆ 232ಕ್ಕೆ ಇಳಿಯಿತು, ಶೇಕಡಾ 16. ಆ ತುಂಡು ಈಗಲೂ ಅಲ್ಲೇ ತೂಗಾಡುತ್ತಿದೆ, ತಿಂಗಳಿಗೊಮ್ಮೆ ತೂಗುತ್ತೇನೆ.